ಒಂದೇ ಪ್ರೆಸ್ ಬ್ರೇಕ್‌ನಲ್ಲಿ ಪ್ಲೇನ್ ಸ್ಟ್ರೆಸ್ಸೂ ಪ್ಲೇನ್ ಸ್ಟ್ರೇನೂ: ನನ್ನ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿರುವ, ಉಕ್ಕಿನ ಪ್ಲೇಟು ಬಗ್ಗಿಸುವ 100 ಟನ್ನಿನ ಪ್ರೆಸ್ ಬ್ರೇಕ್‌ನ ವಿ-ಡೈ, ಅಂದರೆ ಪ್ಲೇಟನ್ನು ಒತ್ತಿ ಬಗ್ಗಿಸುವ ವಿ ಆಕಾರದ ಅಚ್ಚು, ಎರಡನೆಯ ಸಲವೂ ತಳದಲ್ಲಿ ಉದ್ದಕ್ಕೆ ಸೀಳಿದ ಮೇಲೆ ಆ ಕೆಲಸ ನನ್ನ ಬಳಿಗೆ ಬಂತು. ಮೊದಲನೆಯದು ಒಡೆದಾಗ ಯಾರೋ ಇನ್ನೂ ಗಟ್ಟಿಯಾಗಿ ಹದಗೊಳಿಸಿದ ಡೈ ಹಾಕಿರೆಂದು ಸಲಹೆ ಕೊಟ್ಟಿದ್ದರು. ಅದು ಮೊದಲನೆಯದಕ್ಕಿಂತಲೂ ಬೇಗ ಹೋಯಿತು. ಎರಡೂ ಸೇರಿ ಹೆಚ್ಚುಕಡಿಮೆ ಒಂದೂವರೆ ಲಕ್ಷ ರೂಪಾಯಿ ನೀರುಪಾಲಾಗಿತ್ತು. ಇಡೀ ಯಂತ್ರದ ತ್ರೀಡಿ ವಿಶ್ಲೇಷಣೆಗೆ ಬೆಂಗಳೂರಿನಿಂದ ತರಿಸಿದ ದರಪತ್ರ ಎಂಬತ್ತು ಸಾವಿರದ ಆಸುಪಾಸಿನಲ್ಲಿತ್ತು. ನಾನು ಎರಡು ಟೂಡಿ ಮಾದರಿಗಳಲ್ಲಿ ಮುಗಿಸುತ್ತೇನೆಂದಾಗ ಮಾಲೀಕರು ನಂಬಲಿಲ್ಲ. "ಇಡೀ ಮಷೀನ್ ಬಿಟ್ಟು ಬರೇ ಒಂದ್ ಹೋಳು ನೋಡಿದ್ರ ಏನ್ ತಿಳೀತದ್ರೀ ಸರ?" ಎಂದು ನೇರವಾಗಿಯೇ ಕೇಳಿದರು.

ವಸ್ತುವಿನ ಒಂದು ಹೋಳನ್ನಷ್ಟೇ ಲೆಕ್ಕ ಹಾಕುವ ಟೂಡಿಯಲ್ಲಿ ಎರಡು ಕಲ್ಪನೆಗಳಿವೆ: ಹೋಳಿಗೆ ಅಡ್ಡಲಾದ ದಿಕ್ಕಿನಲ್ಲಿ ಸ್ಟ್ರೆಸ್ ಇಲ್ಲವೆಂದುಕೊಂಡರೆ ಪ್ಲೇನ್ ಸ್ಟ್ರೆಸ್, ಆ ದಿಕ್ಕಿನಲ್ಲಿ ಹಿಗ್ಗುವುದು ಕುಗ್ಗುವುದು ಇಲ್ಲವೆಂದುಕೊಂಡರೆ ಪ್ಲೇನ್ ಸ್ಟ್ರೇನ್. ಈ ಯಂತ್ರ ಎರಡಕ್ಕೂ ಒಪ್ಪುವ ವಸ್ತುಗಳನ್ನು ಒಂದೇ ಕಡೆ ಇಟ್ಟುಕೊಂಡಿದೆ. ಪಕ್ಕದ ಸಿ-ಫ್ರೇಮುಗಳು 40 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪ್ಲೇಟುಗಳು. ಎತ್ತರ ಎರಡು ಮೀಟರಿಗೆ ಹತ್ತಿರ. ಅವುಗಳ ಎರಡೂ ಮುಖಗಳು ಬರಿದಾಗಿವೆ, ಭಾರವೆಲ್ಲ ಪ್ಲೇಟಿನ ಸಮತಲದಲ್ಲಿಯೇ ಬೀಳುತ್ತದೆ, ದಪ್ಪದ ದಿಕ್ಕಿನಲ್ಲಿ ಹಿಗ್ಗಲು ಕುಗ್ಗಲು ತಡೆಯಿಲ್ಲ. ಹಾಗಾಗಿ ಅದು ಪ್ಲೇನ್ ಸ್ಟ್ರೆಸ್. ಡೈಯ ಅಡ್ಡಕೊಯ್ತ 90 × 80 ಮಿ.ಮೀ., ಉದ್ದ ಎರಡೂವರೆ ಮೀಟರ್. ನಡುವಿನ ಯಾವುದೇ ಹೋಳು ಉದ್ದದ ದಿಕ್ಕಿನಲ್ಲಿ ಕುಗ್ಗಬೇಕೆಂದರೂ ಅಕ್ಕಪಕ್ಕದ ಉಕ್ಕು ಬಿಡುವುದಿಲ್ಲ. ಹಾಗಾಗಿ ಅದು ಪ್ಲೇನ್ ಸ್ಟ್ರೇನ್. ನಾನು ಬಳಸಿದ್ದು ಕ್ಯಾಲ್ಕುಲಿಕ್ಸ್, ವಸ್ತುವನ್ನು ಎಲಿಮೆಂಟುಗಳೆಂಬ ಸಣ್ಣ ತುಣುಕುಗಳ ಮೆಶ್ಶಾಗಿ ಒಡೆದು ಸ್ಟ್ರೆಸ್ ಲೆಕ್ಕ ಹಾಕುವ ತಂತ್ರಾಂಶ. ಅದಕ್ಕೆ ಹಣ ಕೊಡಬೇಕಾಗಿಲ್ಲ. CPS8 ಎಂಬುದು ಪ್ಲೇನ್ ಸ್ಟ್ರೆಸ್ಸಿನ ಎಲಿಮೆಂಟು, CPE8 ಪ್ಲೇನ್ ಸ್ಟ್ರೇನಿನದು. ಎರಡು ಫೈಲುಗಳ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ:

```
*ELEMENT, TYPE=CPS8, ELSET=FRAME
*SOLID SECTION, ELSET=FRAME, MATERIAL=MS
40.

*ELEMENT, TYPE=CPE8, ELSET=DIE
*SOLID SECTION, ELSET=DIE, MATERIAL=EN
1.
```

ಡೈಗೆ ದಪ್ಪ 1 ಮಿ.ಮೀ. ಎಂದು ಕೊಟ್ಟು, ಭಾರವನ್ನೂ ಪ್ರತಿ ಮಿ.ಮೀ. ಉದ್ದಕ್ಕೆ ಇಷ್ಟು ನ್ಯೂಟನ್ ಎಂದು ಕೊಟ್ಟರೆ ಲೆಕ್ಕ ತಪ್ಪುವುದಿಲ್ಲ. ಓಡಿಸಿದ ಮೇಲೆ ನಾನು ಮೊದಲು ನೋಡುವುದು SZZ ಅನ್ನು, ಅಂದರೆ ಹೋಳಿಗೆ ಅಡ್ಡಲಾದ ದಿಕ್ಕಿನ ಸ್ಟ್ರೆಸ್ ಅನ್ನು. ಫ್ರೇಮಿನಲ್ಲಿ ಅದು ಸೊನ್ನೆಯಿರಬೇಕು. ಡೈಯಲ್ಲಿ ಎಲ್ಲಿ ಮುಟ್ಟಿ ನೋಡಿದರೂ ಹೋಳಿನ ಸಮತಲದೊಳಗಿನ SXX ಮತ್ತು SYY ಗಳ ಮೊತ್ತದ ν ಪಟ್ಟು, ಅಂದರೆ ಉಕ್ಕಿನ ಪಾಯಿಸನ್ ಅನುಪಾತವಾದ 0.3 ಪಟ್ಟು ಇರಬೇಕು.

ಫ್ರೇಮಿನ ವಿಷಯ ಬೇಗ ಮುಗಿಯಿತು. ಮೇಜಿನ ನಡುವೆ ದಿಮ್ಮಿಯಿಟ್ಟು ಪೂರ್ಣ 100 ಟನ್ ಒತ್ತಿದಾಗ ಫ್ರೇಮಿನ ಬಾಯಿ ಎಷ್ಟು ತೆರೆಯುತ್ತದೆಂದು ಡಯಲ್ ಗೇಜಿನಲ್ಲಿ ನೋಡಿದೆವು, ಸುಮಾರು 0.95 ಮಿ.ಮೀ. ಬಂತು. ಪ್ಲೇನ್ ಸ್ಟ್ರೆಸ್ ಮಾದರಿ 0.9 ಹೇಳಿತ್ತು. ಅದೇ ಮೆಶ್ಶನ್ನು ಪ್ಲೇನ್ ಸ್ಟ್ರೇನಿಗೆ ಬದಲಿಸಿ ಓಡಿಸಿದರೆ 0.82 ಬಂತು. ಉಕ್ಕಿಗೆ ಅದರ ಬಿಗಿತದ ಅಂಕಿಯಾದ E ಬದಲು E/(1−ν²) ಕೆಲಸ ಮಾಡುವುದರಿಂದ ಬಾಗುವ ಬಿಗಿತ ಶೇಕಡಾ ಹತ್ತರಷ್ಟು ಏರುತ್ತದೆ, ಅದೇ ಇಲ್ಲಿ ಕಂಡಿದ್ದು. ಡಯಲ್ ಗೇಜ್ ಯಾವ ಅಂಕಿಯ ಪಕ್ಕ ನಿಂತಿತೆಂದು ಮಾಲೀಕರು ತಾವೇ ಕಣ್ಣಾರೆ ನೋಡಿದರು. ಅಲ್ಲಿಂದ ಮುಂದೆ ನನ್ನ ಕೆಲಸಕ್ಕೆ ಯಾರೂ ಅಡ್ಡ ಬರಲಿಲ್ಲ.

ಡೈಯ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು, ಅದು ಹೇಳಲು ಯೋಗ್ಯವಾದದ್ದೂ ಹೌದು. ಹಾವೇರಿ, ಗದಗ ಕಡೆಯ ಟ್ರಾಲಿ ತಯಾರಕರಿಗಾಗಿ ಅವರು 10 ಮಿ.ಮೀ. ದಪ್ಪದ, ಸುಮಾರು 400 ಮಿ.ಮೀ. ಉದ್ದದ ಬ್ರಾಕೆಟ್ಟುಗಳನ್ನು 50 ಮಿ.ಮೀ. ಬಾಯಿಯ ವಿ-ಯಲ್ಲಿಯೇ ಬಗ್ಗಿಸುತ್ತಿದ್ದರು. ಬಗ್ಗಿಸುವ ಬಲದ ಮಾಮೂಲು ಸೂತ್ರದಂತೆ ಅದು ಪ್ರತಿ ಮಿ.ಮೀ.ಗೆ ಸುಮಾರು 1,300 ನ್ಯೂಟನ್, 80 ಮಿ.ಮೀ. ಬಾಯಿಯಲ್ಲಾದರೆ 800 ಸಾಕಾಗುತ್ತಿತ್ತು. ಹಳೆಯ ಡೈಯ ತಳದ ಮೂಲೆಯ ರೇಡಿಯಸ್ ಅರ್ಧ ಮಿ.ಮೀ. ಕೂಡ ಇತ್ತೋ ಇಲ್ಲವೋ. ಅಲ್ಲಿ ಎಲಿಮೆಂಟುಗಳು 0.1 ಮಿ.ಮೀ.ಯಷ್ಟು ಸಣ್ಣವಾಗಿರಬೇಕು. ಎರಡೂವರೆ ಮೀಟರನ್ನು ತ್ರೀಡಿಯಲ್ಲಿ ಅಷ್ಟು ಸಣ್ಣದಾಗಿ ಹೋಳು ಮಾಡಿದರೆ ನನ್ನ ಕಂಪ್ಯೂಟರ್ ಇರಲಿ, ದೊಡ್ಡ ಕಂಪನಿಯ ಯಂತ್ರವೂ ಏದುಸಿರು ಬಿಡುತ್ತದೆ. ಟೂಡಿಯಲ್ಲಿ ಅದು ಒಂದು ನಿಮಿಷದ ಕೆಲಸ.

ಕುತೂಹಲಕ್ಕೆಂದು ಡೈಯನ್ನು ಎರಡೂ ಬಗೆಯಲ್ಲಿ ಓಡಿಸಿದೆ. ತಳದ ಮೂಲೆಯ ಎಳೆತದ ಸ್ಟ್ರೆಸ್ ಎರಡರಲ್ಲಿಯೂ ಒಂದೇ, ಸುಮಾರು 390 ಮೆಗಾಪಾಸ್ಕಲ್. ಇದು ಆಕಸ್ಮಿಕವಲ್ಲ: ನಡುವೆ ತೂತಿಲ್ಲದ ಒಂದೇ ತುಂಡಿನ ಮೇಲೆ ಬರೀ ಬಲಗಳನ್ನು ಹೇರಿದಾಗ ಸಮತಲದೊಳಗಿನ ಸ್ಟ್ರೆಸ್‌ಗಳು E ಮತ್ತು ν ಎರಡನ್ನೂ ಅವಲಂಬಿಸುವುದಿಲ್ಲ. ಬಲದ ಬದಲು ಇಷ್ಟು ಸರಿಯಬೇಕೆಂದು ಹೇರಿದರೆ ಅಥವಾ ಬಿಸಿ ಏರುಪೇರಾದರೆ ಈ ಮಾತು ನಿಲ್ಲುವುದಿಲ್ಲ. ಆದರೆ ಎಲ್ಲ ದಿಕ್ಕಿನ ಸ್ಟ್ರೆಸ್ಸುಗಳನ್ನು ಒಂದೇ ಅಂಕಿಗೆ ಇಳಿಸುವ ವಾನ್ ಮಿಸೆಸ್ ಸ್ಟ್ರೆಸ್ಸಿನ ಬಣ್ಣದ ಚಿತ್ರ ಬೇರೆಯೇ ಆಗಿತ್ತು. ಪ್ಲೇನ್ ಸ್ಟ್ರೆಸ್‌ನಲ್ಲಿ 390 ಇದ್ದದ್ದು ಪ್ಲೇನ್ ಸ್ಟ್ರೇನಿನಲ್ಲಿ 347ಕ್ಕೆ ಇಳಿದಿತ್ತು, ಏಕೆಂದರೆ ಉದ್ದದ ದಿಕ್ಕಿನಲ್ಲಿ ಹುಟ್ಟಿದ 117ರ ಎಳೆತ ಆ ಸೂತ್ರದಲ್ಲಿ ಅಂಕಿಯನ್ನು ತಗ್ಗಿಸುತ್ತದೆ. ಬಣ್ಣದ ಚಿತ್ರವನ್ನಷ್ಟೇ ನೋಡುವವರು ಡೈ ಶೇಕಡಾ ಹನ್ನೊಂದರಷ್ಟು ಸುರಕ್ಷಿತವಾಯಿತೆಂದು ಓದುತ್ತಾರೆ. ನಿಜದಲ್ಲಿ ಮೂರೂ ದಿಕ್ಕಿನ ಎಳೆತ ಸೇರಿದಲ್ಲಿ ಗಟ್ಟಿ ಉಕ್ಕು ಮಣಿಯಲಾರದೆ ಸೀಳುತ್ತದೆ. ಒಡೆದ ಡೈಯ ಮುಖವೇ ಅದಕ್ಕೆ ಸಾಕ್ಷಿ: ಒಳಗೆಲ್ಲ ಚಪ್ಪಟೆಯಾದ ಒಡಕು, ತುದಿಯ ಮುಖಗಳ ಬಳಿ ಮಾತ್ರ 45 ಡಿಗ್ರಿಯ ಸಣ್ಣ ಅಂಚು. ಹದ ಏರಿಸಿ ಮಾಡಿಸಿದ ಎರಡನೆಯ ಡೈ ಮೊದಲೇ ಹೋದದ್ದೂ ಇದರಿಂದಲೇ, ಏಕೆಂದರೆ ಗಟ್ಟಿತನ ಏರಿದಾಗ ಬಿರುಕನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಡೈಗೆ ನಾನು ಗರಿಷ್ಠ ಪ್ರಿನ್ಸಿಪಲ್ ಸ್ಟ್ರೆಸ್, ಅಂದರೆ ಯಾವುದೇ ದಿಕ್ಕಿನ ಅತಿ ಹೆಚ್ಚಿನ ಎಳೆತವನ್ನೇ ಹಿಡಿಯುತ್ತೇನೆ, ವಾನ್ ಮಿಸೆಸ್ ಅನ್ನು ಫ್ರೇಮಿಗೆ ಬಿಡುತ್ತೇನೆ.

ಪರಿಹಾರ ಸರಳವಾಗಿತ್ತು. ತಳದ ರೇಡಿಯಸ್ಸನ್ನು 3 ಮಿ.ಮೀ.ಗೆ ಏರಿಸಿದಾಗ 390 ಇದ್ದದ್ದು 180ರ ಹತ್ತಿರ ಬಂತು. ಹದವನ್ನು ಒಂದು ಮೆಟ್ಟಿಲು ಇಳಿಸಿದೆವು. ಹೆಚ್ಚುವರಿ ಖರ್ಚು ಕಟರ್ ಬದಲಿಸಿದ್ದಷ್ಟೇ. ಆ ಡೈ ವರ್ಷದ ಮೇಲಾಯಿತು, ಇನ್ನೂ ಬಿರುಕು ಕಂಡಿಲ್ಲ. ಭುಜಗಳ ಮೇಲೆ ಪ್ಲೇಟು ಜಾರುವಾಗಿನ ಭಾರವನ್ನು ಯಾವ ಕೋನದಲ್ಲಿ, ಎಷ್ಟು ಘರ್ಷಣೆಯೊಂದಿಗೆ ಹಾಕಿದೆನೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಅಂದಾಜಿನಲ್ಲಿಯೇ ನನ್ನ ಅನ್ನವಿದೆ.

ನಡುವೆ ಅದೇ ಶೆಡ್ಡಿನ, ರಬ್ಬರಿನಂಥ ಯುರೆಥೇನ್ ಪ್ಯಾಡಿನ ಮೇಲೂ ಕೈಯಾಡಿಸಿದೆ. ಉಕ್ಕಿನ ತೊಟ್ಟಿಯಲ್ಲಿ ಎರಡೂ ಪಕ್ಕಕ್ಕೆ ಬಿಗಿಯಾಗಿ ಕೂತ ಆ ಉದ್ದದ ಪಟ್ಟಿಗೆ ν 0.49 ಎಂದು ಹಿಡಿದರೆ, ಪ್ಲೇನ್ ಸ್ಟ್ರೆಸ್‌ಗಿಂತ ಪ್ಲೇನ್ ಸ್ಟ್ರೇನಿನಲ್ಲಿ ಬಿಗಿತ ಹದಿಮೂರು ಪಟ್ಟು ಬರುತ್ತದೆ. ಉಕ್ಕಿನಲ್ಲಿ ಹತ್ತು ಶೇಕಡಾ ಎಂದು ಸುಮ್ಮನಿರಬಹುದಾದ ಆಯ್ಕೆ ಇಲ್ಲಿ ಇಡೀ ಉತ್ತರವನ್ನೇ ಬದಲಿಸುತ್ತದೆ. ಮೇಲಾಗಿ ಮಾಮೂಲು ಎಲಿಮೆಂಟುಗಳು ಪ್ಲೇನ್ ಸ್ಟ್ರೇನಿನಲ್ಲಿ ಬಿಗಿದುಕೊಂಡು ಇನ್ನೂ ಗಟ್ಟಿ ತೋರಿಸುತ್ತವೆ. ಎಲಿಮೆಂಟಿನಿಂದ ಎಲಿಮೆಂಟಿಗೆ ಒತ್ತಡ ಚದುರಂಗದ ಮನೆಗಳಂತೆ ಏರಿಳಿದರೆ ಅದೇ ಗುರುತು.

ಎರಡು ಕಡೆ ಮಾತ್ರ ನಾನು ಈ ಹೋಳಿನ ಲೆಕ್ಕವನ್ನು ನಂಬುವುದಿಲ್ಲ. ಡೈಯ ತುದಿಯಿಂದ ಸುಮಾರು 90 ಮಿ.ಮೀ. ಒಳಗೆ ಉದ್ದದ ಎಳೆತ ಕ್ರಮೇಣ ಸೊನ್ನೆಗೆ ಇಳಿಯುತ್ತದೆ, ಅಲ್ಲಿ ಎರಡೂ ಕಲ್ಪನೆಗಳು ಪೂರ್ತಿ ಹೊಂದುವುದಿಲ್ಲ. ಬಗ್ಗಿಸುವ ತುಂಡು ಡೈಯ ಎತ್ತರಕ್ಕಿಂತ ಗಿಡ್ಡವಾದರೆ ಭಾರವೇ ಉದ್ದಕ್ಕೆ ಸಮನಾಗಿರುವುದಿಲ್ಲ. ಆಗ ಪಕ್ಕದ ಉಕ್ಕು ಭಾರ ಹಂಚಿಕೊಳ್ಳುವುದರಿಂದ ಟೂಡಿ ಉತ್ತರ ಹೆಚ್ಚಾಗಿಯೇ ಬರುತ್ತದೆ, ಅಂಥಲ್ಲಿ 300 ಮಿ.ಮೀ. ತುಂಡೊಂದನ್ನು ಮಾತ್ರ ತ್ರೀಡಿಯಲ್ಲಿ ಮಾಡುತ್ತೇನೆ. ಫ್ರೇಮಿಗೂ ಒಂದು ಎಚ್ಚರವಿದೆ. ಬಾಯಿಯ ಬಳಿ ಎರಡೂ ಮುಖಕ್ಕೆ ಸಮನಾಗಿ 10 ಮಿ.ಮೀ. ಪಟ್ಟಿ ಬೆಸೆದಿದ್ದರೆ ಆ ಭಾಗಕ್ಕೆ 60 ಮಿ.ಮೀ. ದಪ್ಪ ಕೊಟ್ಟು ಪ್ಲೇನ್ ಸ್ಟ್ರೆಸ್‌ನಲ್ಲಿಯೇ ಮುಂದುವರಿಯಬಹುದು. ಒಂದೇ ಮುಖಕ್ಕೆ ಬೆಸೆದಿದ್ದರೆ ಪ್ಲೇಟು ಪಕ್ಕಕ್ಕೆ ಬಾಗುತ್ತದೆ, ಅದನ್ನು CPS8 ಎಂದಿಗೂ ತೋರಿಸುವುದಿಲ್ಲ.