ಜರ್ಮನ್ ಮೇಲೆ ಡಚ್ ಕಲಿತೆ: ಬಾಯಿಂದ ‘ಆಬರ್’ ಓಡಿಸಿದ ಕಥೆ

‘ಜರ್ಮನ್ ಬರುತ್ತಲ್ಲ, ಡಚ್ ಮೂರು ತಿಂಗಳ ಕೆಲಸ ಬಿಡು’ ಅಂತ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದ ಮೊದಲ ವಾರ ಕನಿಷ್ಠ ಹತ್ತು ಜನ ಹೇಳಿದರು. ನಾನೂ ನಂಬಿದೆ. ಬೆಂಗಳೂರಲ್ಲಿ ಜರ್ಮನ್‌ನ ಬಿ1, ಅಂದರೆ ಮಧ್ಯಮ ಮಟ್ಟ, ಮುಗಿಸಿ, ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ವರ್ಷ ಅದರಲ್ಲೇ ಜಗಳ ಆಡಿ ಬಂದವನು. ಇದು ಏನು ಮಹಾ ಅನ್ನಿಸಿತ್ತು.

ಓದೋದು ನಿಜವಾಗಿಯೂ ಮೂರು ತಿಂಗಳಲ್ಲಿ ಬಂತು. ಬಾಯಿ ತೆರೆದಾಗ ಮಾತ್ರ ಬರುತ್ತಿದ್ದದ್ದು ಡಚ್ ವೇಷ ಹಾಕಿದ ಜರ್ಮನ್.

ಮೊದಲು ದುಡ್ಡು ಹಾಳಾದ ಕಥೆ. ಜರ್ಮನ್ ಗೊತ್ತಿರುವವರಿಗೇ ಅಂತ ಮಾಡಿದ ಒಂದು ಕೋರ್ಸ್‌ಗೆ ಸುಮಾರು 700 ಯೂರೋ ಕಟ್ಟಿದೆ. ಎಡಕ್ಕೆ ಜರ್ಮನ್ ಪದ, ಬಲಕ್ಕೆ ಡಚ್ ಪದ, ನಡುವೆ ಗೆರೆ. ಇಡೀ ಪಾಠ ಹೀಗೇ ನಡೆಯಿತು. ನಾನೂ ಅದೇ ತರ 200 ಪುಟದ ನೋಟ್‌ಬುಕ್ ತುಂಬಿಸಿದೆ. ಪರಿಣಾಮ ಏನಪ್ಪಾ ಅಂದ್ರೆ, ಎರಡು ಪದಗಳೂ ಜೋಡಿಯಾಗಿಯೇ ತಲೆಯಲ್ಲಿ ಕೂತವು, ಒಂದನ್ನು ಕರೆದರೆ ಇನ್ನೊಂದು ಮುಂದೆ ಬಂದು ನಿಲ್ಲುತ್ತಿತ್ತು. ಆ ನೋಟ್‌ಬುಕ್ ಈಗ ರದ್ದಿಗೆ ಹೋಗಿದೆ, ಬೇಸರ ಏನಿಲ್ಲ.

ಐದನೇ ತಿಂಗಳಲ್ಲಿ ಹಳೇ ಆಫೀಸಿನ ಸ್ನೇಹಿತನಿಗೆ ಫೋನ್ ಮಾಡಿದ್ದೆ. ನಾಳೆ ಫೋನ್ ಮಾಡ್ತೀನಿ ಅನ್ನೋದಕ್ಕೆ ಡಚ್‌ನಲ್ಲಿ ‘ಇಕ್ ಬೆಲ್ ಯೆ ಮೊರ್ಖೆನ್’. ನಾನು ಅದನ್ನೇ ಜರ್ಮನ್ ಮಾಡಿ ‘ಇಶ್ ಬೆಲ್ಲೆ ಡಿಶ್ ಮೊರ್ಗೆನ್’ ಅಂದೆ. ಜರ್ಮನ್‌ನಲ್ಲಿ ಬೆಲ್ಲೆನ್ ಅಂದರೆ ಬೊಗಳೋದು. ಅವನು ಆ ಕಡೆಯಿಂದ ಭೌ ಅಂದ. ಹೊಸದು ಬರಲಿಲ್ಲ, ಇದ್ದದ್ದೂ ಕೆಟ್ಟಿತು ಅಂತ ಅವತ್ತು ನಿಜವಾಗಿ ಹೆದರಿದೆ.

ಆಮೇಲೆ ಮಾಡಿದ ಕೆಲಸ ಸುಲಭದ್ದು, ಮೊದಲ ದಿನವೇ ಮಾಡಬೇಕಿತ್ತು. ಹತ್ತು ನಿಮಿಷ ಡಚ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಂಡೆ. ಮರುದಿನ ಕೇಳುತ್ತಾ ಜರ್ಮನ್ ನುಸುಳಿದ ಕಡೆಯೆಲ್ಲ ಗೀಟು ಹಾಕಿದೆ. ನಲವತ್ತರ ಹತ್ತಿರ ಗೀಟು ಬಿದ್ದವು. ಆಶ್ಚರ್ಯ ಏನೆಂದರೆ ‘ಬೆಲ್ಲೆನ್’ ತರದ ತಮಾಷೆ ಪದಗಳು ಅದರಲ್ಲಿ ಎರಡೋ ಮೂರೋ ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಐದಾರು ಪುಟಾಣಿ ಪದಗಳೇ. ‘ಮತ್ತು’ ಅನ್ನಲು ‘ಎನ್’ ಬದಲು ‘ಉಂಡ್’, ‘ಕೂಡ’ ಅನ್ನಲು ‘ಓಕ್’ ಬದಲು ‘ಔಖ್’, ‘ಆದ್ರೆ’ ಅನ್ನಲು ‘ಮಾರ್’ ಬದಲು ‘ಆಬರ್’. ಆಬರ್ ಒಂದೇ ಹನ್ನೊಂದು ಸಲ! ಎಲ್ಲರೂ ಒಂದೇ ತರ ಕಂಡು ಅರ್ಥ ಬೇರೆ ಇರುವ ಮೋಸಗಾರ ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಾರೆ. ಸೋರುತ್ತಿರುವುದು ಅಲ್ಲಿ ಅಲ್ಲ. ನಾಮಪದ ಹೇಳುವಾಗ ನಾವು ಯೋಚನೆ ಮಾಡುತ್ತೇವೆ, ‘ಆದ್ರೆ’ ಅನ್ನುವಾಗ ಯಾರು ಯೋಚಿಸುತ್ತಾರೆ?

ಇನ್ನೊಂದು ಕಾರಣವೂ ಹೊಳೆಯಿತು. ಪದ ನೆನಪಿಡಲು ಆಂಕಿ ಅನ್ನೋ ಆ್ಯಪ್‌ನಲ್ಲಿ ಮಾಡಿಕೊಂಡಿದ್ದ ನನ್ನ ಕಾರ್ಡ್‌ಗಳ ಒಂದು ಬದಿಯೆಲ್ಲ ಇಂಗ್ಲಿಷ್‌ನಲ್ಲಿತ್ತು. ಜರ್ಮನ್ ಕಲಿತದ್ದೂ ಇಂಗ್ಲಿಷ್ ಮೂಲಕವೇ. ಹಾಗಾಗಿ ಇಂಗ್ಲಿಷ್ ಪದ ಕಂಡ ತಕ್ಷಣ ಹಳೇ ದಾರಿಯಲ್ಲಿ ಜರ್ಮನ್ ಓಡಿ ಬರುತ್ತಿತ್ತು. ಡಚ್‌ಗೆ ಬೇರೆ ಬಾಗಿಲು ಬೇಕು ಅನ್ನಿಸಿ ಆ ಬದಿಗೆ ಇಂಗ್ಲಿಷ್ ಬದಲು ಕನ್ನಡ ಹಾಕಿದೆ. ಕನ್ನಡ ಬಳಗದ ಗೆಳೆಯರು ನಕ್ಕರು. ಗಂಟೆಗೆ 35 ಯೂರೋ ತೆಗೆದುಕೊಳ್ಳುತ್ತಿದ್ದ ಟೀಚರ್ ಅಂತೂ ‘ಅನುವಾದ ಬೇಡವೇ ಬೇಡ’ ಅಂದರು. ನಾನು ಹಟಕ್ಕೆ ಬಿದ್ದು 300 ಕಾರ್ಡ್ ಬರೆದೆ. ಎಲ್ಲವೂ ವಾಕ್ಯಗಳು, ಪ್ರತಿಯೊಂದರಲ್ಲೂ ಆ ಪುಟಾಣಿ ಪದಗಳಲ್ಲಿ ಒಂದು ಇರಲೇಬೇಕು.

ಅತಿ ಕಷ್ಟದ್ದನ್ನೇ ಹೇಳುತ್ತೇನೆ. ‘ಆಲ್ಸ್’ ಎರಡೂ ಭಾಷೆಯಲ್ಲಿದೆ, ಕೆಲಸ ಬೇರೆ. ನಾನು ಚಿಕ್ಕವನಿದ್ದಾಗ ಅನ್ನಲು ಜರ್ಮನ್‌ಗೆ ‘ಆಲ್ಸ್’ ಬೇಕು, ಡಚ್‌ಗೆ ‘ತೂನ್’. ಮಳೆ ಬಂದ್ರೆ ಅನ್ನಲು ಜರ್ಮನ್‌ಗೆ ‘ವೆನ್’, ಡಚ್‌ಗೆ ಅದೇ ‘ಆಲ್ಸ್’. ಒಂದು ಸ್ಥಾನ ಸರಿದು ಕೂತಿದೆ ನೋಡಿ, ಅದಕ್ಕೇ ಬಾಯಿ ತಪ್ಪುತ್ತದೆ. ಕನ್ನಡದ ಕಿವಿಗೆ ‘ಇದ್ದಾಗ’, ‘ಬಂದ್ರೆ’ ಬೇರೆ ಬೇರೆಯೇ. ‘ಚಿಕ್ಕವನಿದ್ದಾಗ’ ಕಾರ್ಡ್ ಕಂಡರೆ ‘ತೂನ್ ಇಕ್ ಕ್ಲೆಯ್ನ್ ವಸ್’, ‘ಮಳೆ ಬಂದ್ರೆ’ ಕಂಡರೆ ‘ಆಲ್ಸ್ ಹೆಟ್ ರೇಖೆಂಟ್’. ಮೂರು ವಾರದಲ್ಲಿ ಕೂತಿತು. ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ‘ಅವನು ಬಂದಾಗಲೆಲ್ಲ ತಡ’ ಅನ್ನೋ ತರದ ಪದೇಪದೇ ಆಗುವ ವಿಷಯಕ್ಕೆ ‘ಆಗ’ ಇದ್ದರೂ ‘ಆಲ್ಸ್’ ಬೇಕು. ಹಿಂದೆ ಒಮ್ಮೆ ಆಗಿ ಮುಗಿದದ್ದಕ್ಕೆ, ಅಥವಾ ಕಳೆದುಹೋದ ಒಂದು ಕಾಲಕ್ಕೆ ಮಾತ್ರ ‘ತೂನ್’. ಆ ಕಾರ್ಡ್‌ಗಳಿಗೆ ಬೇರೆ ಬಣ್ಣ ಹಾಕಬೇಕಾಯಿತು.

‘ಹೇಗೆ’ ಮಾತ್ರ ಪುಕ್ಕಟೆ ಸಿಕ್ಕಿತು. ಜರ್ಮನ್‌ನಲ್ಲಿ ಹೇಗೆ ಅಂದರೆ ‘ವೀ’. ಡಚ್‌ನಲ್ಲೂ ‘ವೀ’ ಇದೆ, ಅರ್ಥ ಯಾರು! ಡಚ್‌ನ ಹೇಗೆ ಅಂದರೆ ‘ಹೂ’. ಕಾರ್ಡ್ ಮೇಲೆ ಒಂದು ಸೇವಂತಿಗೆ ಚಿತ್ರ ಅಂಟಿಸಿದೆ, ಮುಗೀತು.

ಈ ಕಾರ್ಡ್‌ಗಳ ಸಮಯದಲ್ಲಿ, ನಾಲ್ಕು ತಿಂಗಳು, ಜರ್ಮನ್ ಮಾತು ಪೂರ್ತಿ ನಿಲ್ಲಿಸಿದೆ. ಕೇಳುವುದನ್ನು ಬಿಡಲಿಲ್ಲ, ವಾರಕ್ಕೆ ಒಂದೆರಡು ಗಂಟೆ ರೇಡಿಯೋ. ಕೇಳುವುದರಿಂದ ಡಚ್ ಕೆಡಲಿಲ್ಲ. ಕೊನೆಯ ರೆಕಾರ್ಡಿಂಗ್‌ನಲ್ಲಿ ಗೀಟು ಆರೋ ಏಳೋ.

ನಡುವೆ ಹುಚ್ಚು ಪ್ರಯೋಗಗಳೂ ಆದವು. ಡಚ್ ಮಾತಾಡುವಾಗ ವಾಚನ್ನು ಬಲಗೈಗೆ ಕಟ್ಟಿ ನೋಡಿದೆ, ಏನೂ ಆಗಲಿಲ್ಲ, ಸುಮ್ನೆ ಟೈಮ್ ನೋಡೋಕೆ ತಡವಾಯಿತು. ಸೈಕಲ್ ಮೇಲೆ ಗಟ್ಟಿಯಾಗಿ ಒಬ್ಬನೇ ಮಾತಾಡಿದ್ದು ಉಪಯೋಗಕ್ಕೆ ಬಂತು, ಈ ಊರಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ. ಜರ್ಮನ್ ವಾಪಸ್ ತರಲು ಡಚ್ ವಾಕ್ಯದಿಂದ ಜರ್ಮನ್‌ಗೆ ಕಾರ್ಡ್ ಮಾಡಿದ್ದು ಶುದ್ಧ ದಡ್ಡತನ. ಒಂಬತ್ತು ದಿನದಲ್ಲಿ ಆಬರ್ ಮನೆಗೆ ವಾಪಸ್ ಬಂದಿತ್ತು. ಅಳಿಸಿ ಹಾಕಿದೆ.

ಜರ್ಮನ್ ಉಳಿಸಿಕೊಂಡದ್ದು ಬೇರೆ ದಾರಿಯಲ್ಲಿ. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳುತ್ತೇನೆ, ಸಂತೆಯದ್ದೋ ಅಡುಗೆಮನೆಯದ್ದೋ. ಅದರ ಬಗ್ಗೆ ಒಂದು ನಿಮಿಷ ಡಚ್, ಒಂದು ನಿಮಿಷ ಕನ್ನಡ, ಆಮೇಲೆ ಒಂದು ನಿಮಿಷ ಜರ್ಮನ್. ದಿನಕ್ಕೆ ಮೂರು ಸುತ್ತು. ನಡುವಿನ ಕನ್ನಡ ಬಿಟ್ಟರೆ ಎರಡೂ ಕಲಸಿಹೋಗುತ್ತವೆ, ಬಿಟ್ಟು ನೋಡಿದ್ದೇನೆ. ಆ ಕನ್ನಡ ನಿಮಿಷದಲ್ಲಿ ನಾನು ಏನು ಹೇಳುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ಆರು ತಿಂಗಳು ಬೆವರು ಸುರಿಸಿದ್ದೇನೆ.

ಹದಿನಾಲ್ಕನೇ ತಿಂಗಳಲ್ಲಿ ಡಚ್ ಎರಡನೇ ಭಾಷೆಯಾಗಿ ಕಲಿತವರಿಗಿರುವ ಸರ್ಕಾರದ ಎನ್‌ಟಿ2 ಪರೀಕ್ಷೆಯ ಮೊದಲ ಹಂತ, ಅಂದರೆ ಬಿ1 ಬರೆದೆ. ಅಲ್ಲಿ ಮಾತಿನ ಪರೀಕ್ಷೆಗೆ ಎದುರು ಮನುಷ್ಯ ಇರುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಮಾತಾಡಬೇಕು. ಪಾಸಾಗಲು 500 ಅಂಕ ಬೇಕು, ಆರಾಮಾಗಿ ದಾಟಿದೆ. ಎಲ್ಲ ಸೇರಿ ಖರ್ಚು 1,500 ಯೂರೋ ಆಸುಪಾಸು, ಅದರಲ್ಲಿ ಕೆಲಸಕ್ಕೆ ಬಂದದ್ದು 600 ಇರಬಹುದು. ಟೀಚರ್ ನನ್ನ ಕಾರ್ಡ್‌ಗಳನ್ನು ಕೇಳಿ ತೆಗೆದುಕೊಂಡರು. ಕನ್ನಡ ಓದಲು ಬರಲ್ಲ ಅವರಿಗೆ, ಅದು ಬೇರೆ ಮಾತು.

ಇನ್ನೂ ಬಗೆಹರಿಯದೇ ಇರುವುದು ‘ದೆ’ ಮತ್ತು ‘ಹೆಟ್’, ಇಂಗ್ಲಿಷ್‌ನ ‘the’ ತರ ನಾಮಪದದ ಜೊತೆ ಬರುವ ಪದಗಳು, ಯಾವ ನಾಮಪದಕ್ಕೆ ಯಾವುದು ಅನ್ನೋದೇ ತಲೆನೋವು. ಜರ್ಮನ್‌ನಲ್ಲಿ ‘ದಾಸ್’ ಇದ್ದರೆ ಡಚ್‌ನಲ್ಲಿ ‘ಹೆಟ್’ ಅಂದುಕೊಂಡರೆ ಬಹಳ ಸಲ ಸರಿಯಾಗುತ್ತದೆ. ಅದೇ ತೊಂದರೆ. ಕಾರು ಜರ್ಮನ್‌ನಲ್ಲಿ ‘ದಾಸ್’, ಇಲ್ಲಿ ‘ದೆ’. ಸಮುದ್ರದ ದಂಡೆ ಅಲ್ಲಿ ‘ದೇರ್’, ಇಲ್ಲಿ ‘ಹೆಟ್’. ಇಲ್ಲಿ ಕನ್ನಡ ನೆರವಿಗೆ ಬರಲ್ಲ, ನಮ್ಮಲ್ಲಿ ಈ ಗೋಳೇ ಇಲ್ಲವಲ್ಲ. ಹೀಗೆ ಉಲ್ಟಾ ಹೊಡೆಯುವ ಪದಗಳನ್ನು ಅರವತ್ತರಷ್ಟು ಕೂಡಿಹಾಕಿದ್ದೇನೆ, ಸದ್ಯಕ್ಕೆ ಬಾಯಿಪಾಠವೇ ಗತಿ. ನಿಮ್ಮಲ್ಲಿ ಯಾರಾದರೂ ಇದಕ್ಕೆ ದಾರಿ ಕಂಡಿದ್ದರೆ ಹೇಳಿ, ಬದಲಿಗೆ ಆ ಕನ್ನಡ ನಿಮಿಷದ ಗುಟ್ಟು ಕೊಡುತ್ತೇನೆ.