‘ನಾಳೆ’ ಎಂದು ಬರೆದು ಕೆಟ್ಟೆ

ನಮ್ಮ ಬಳ್ಳಾರಿಯ ಹವ್ಯಾಸಿ ನಾಟಕ ತಂಡದಲ್ಲಿ ನನಗೆ ಪಾತ್ರ ಸಿಗುವುದು ಅಪರೂಪ. ಪ್ರಚಾರದ ಕೆಲಸ ಮಾತ್ರ ತಪ್ಪುವುದಿಲ್ಲ. ಪೋಸ್ಟರನ್ನು ಬೇರೆಯವರು ಮಾಡಿಕೊಡುತ್ತಾರೆ, ಅದರ ಕೆಳಗೆ ಹಾಕುವ ಒಕ್ಕಣೆ ನನ್ನದು.

ಒಮ್ಮೆ ಶುಕ್ರವಾರ ರಾತ್ರಿ ವಾಟ್ಸಾಪ್ ಗುಂಪುಗಳಿಗೆಲ್ಲ ‘ನಾಳೆ ಸಂಜೆ ನಾಟಕ, ಮರೆಯದೆ ಬನ್ನಿ’ ಎಂದು ನೆನಪೋಲೆ ಕಳಿಸಿದೆ. ಶನಿವಾರ ಪ್ರದರ್ಶನ ಮುಗಿಯಿತು. ಭಾನುವಾರ ಸಂಜೆ ಸಿರುಗುಪ್ಪದಿಂದ ಬಂದ ಒಂದು ಕುಟುಂಬ ಮುಚ್ಚಿದ ಬಾಗಿಲ ಮುಂದೆ ನಿಂತು ನನಗೆ ಕರೆ ಮಾಡಿತು. ಯಾರೋ ಆ ಸಾಲನ್ನು ಶನಿವಾರ ಮಧ್ಯಾಹ್ನ ಅವರಿಗೆ ದಾಟಿಸಿದ್ದರು. ಅವರ ಪಾಲಿಗೆ ‘ನಾಳೆ’ ಎಂದರೆ ಭಾನುವಾರವೇ. ಕಳಿಸಿದ ಸಂದೇಶವನ್ನು ನಾನು 15 ನಿಮಿಷದೊಳಗೆ ತಿದ್ದಬಹುದಿತ್ತು, ಆದರೆ ಇನ್ನೊಬ್ಬರು ಮುಂದಕ್ಕೆ ಕಳಿಸಿದ ಪ್ರತಿ ನನ್ನ ಕೈಗೆ ಸಿಗುವುದಿಲ್ಲ. ಅಂದಿನಿಂದ ನನ್ನ ಒಕ್ಕಣೆಯಲ್ಲಿ ‘ನಾಳೆ’, ‘ಈ ವಾರ’ ಎಂಬ ಮಾತುಗಳು ಒಂಟಿಯಾಗಿ ಬರುವುದಿಲ್ಲ. ಪಕ್ಕದಲ್ಲಿ ವಾರ, ತಾರೀಖು ಎರಡೂ ಇರಬೇಕು.

ಎರಡೂ ಏಕೆಂದರೆ, ಒಂದು ತಪ್ಪಿದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಹಳೆಯ ಒಕ್ಕಣೆಯನ್ನೇ ನಕಲು ಮಾಡಿ ತಾರೀಖು ಬದಲಿಸಿ, ವಾರವನ್ನು ಹಾಗೆಯೇ ಬಿಡುವುದು ಈ ಕೆಲಸದಲ್ಲಿ ಮಾಮೂಲು ತಪ್ಪು. ಹಾಗಾಗಿ ಕಳಿಸುವ ಮೊದಲು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

2024ರ ನವೆಂಬರಿನ ಪ್ರದರ್ಶನಕ್ಕೆ ಬರೆದದ್ದು ಹೀಗಿತ್ತು:

ಶನಿವಾರ, ನವೆಂಬರ್ 16, ಸಂಜೆ 6.30
ಜೋಳದರಾಶಿ ದೊಡ್ಡನಗೌಡ ರಂಗಮಂದಿರ, ಬಳ್ಳಾರಿ
ನಾಟಕ, 1 ಗಂಟೆ 50 ನಿಮಿಷ. 8.30ರೊಳಗೆ ಮುಗಿಯುತ್ತದೆ.
ಟಿಕೆಟ್ 100 ರೂಪಾಯಿ. 10 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.
ಮುಂಗಡ ಟಿಕೆಟ್‌ಗೆ ವಾಟ್ಸಾಪ್ ಮಾಡಿ (ಇಲ್ಲಿ ಒಂದೇ ಸಂಖ್ಯೆ). ಉಳಿದವು ಅಂದು ಸಂಜೆ 5.30ರಿಂದ ಬಾಗಿಲಲ್ಲಿ.
ನೆನಪಿರಲಿ: 6.40ಕ್ಕೆ ಬಾಗಿಲು ಮುಚ್ಚಿದರೆ ಮೊದಲ ದೃಶ್ಯ ಮುಗಿಯುವವರೆಗೆ ತೆರೆಯುವುದಿಲ್ಲ.

ನಾಟಕದ ವರ್ಣನೆ, ಕಲಾವಿದರ ಹೆಸರು ಇದರ ಕೆಳಗೆ. ಉದ್ದದ ಒಕ್ಕಣೆಯಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದನ್ನು ಒತ್ತಿ ತೆರೆಯಬೇಕು. ಇನ್‌ಸ್ಟಾಗ್ರಾಮ್‌ನಲ್ಲಂತೂ ಇದು ಎದ್ದು ಕಾಣುತ್ತದೆ. ಮೊದಲೆಲ್ಲ ನಾನು ‘ಕಲಾರಸಿಕರೇ’ ಎಂದು ಶುರುಮಾಡುತ್ತಿದ್ದೆ. ಕಾಣುವ ಜಾಗವನ್ನೆಲ್ಲ ಆ ಸಂಬೋಧನೆಯೇ ನುಂಗಿಬಿಡುತ್ತಿತ್ತು. ಇನ್ನೊಂದು ಮಾತು: ವಾಟ್ಸಾಪ್‌ನಲ್ಲಿ ದಪ್ಪಕ್ಷರಕ್ಕಾಗಿ ಹಾಕುವ ನಕ್ಷತ್ರ ಚಿಹ್ನೆ ಇನ್‌ಸ್ಟಾಗ್ರಾಮ್‌ಗೆ ಅಂಟಿಸಿದರೆ ಬರಿಯ ಚಿಹ್ನೆಯಾಗಿಯೇ ಉಳಿಯುತ್ತದೆ. ಅಲ್ಲಿಗೆ ಹಾಕುವಾಗ ಅಳಿಸಬೇಕು. ಆ ಒಕ್ಕಣೆಯಲ್ಲಿ ಹಾಕಿದ ಕೊಂಡಿ ಒತ್ತಿದರೂ ತೆರೆಯುವುದಿಲ್ಲ. ಆದ್ದರಿಂದ ಟಿಕೆಟ್ ಕೊಂಡಿಯನ್ನು ಪುಟದ ಪರಿಚಯದ ಜಾಗದಲ್ಲಿ ಇಟ್ಟು, ಅಲ್ಲಿದೆ ಎಂದು ಬರೆಯುತ್ತೇನೆ.

ಸ್ಥಳದ ಸಾಲಿಗೆ ನಮ್ಮ ಊರಿನಲ್ಲಿ ವಿಶೇಷ ಎಚ್ಚರ ಬೇಕು. ಬರೀ ‘ರಂಗಮಂದಿರ, ಬಳ್ಳಾರಿ’ ಎಂದರೆ ಒಬ್ಬರು ಜೋಳದರಾಶಿಯವರ ಹೆಸರಿನದಕ್ಕೆ ಹೋಗುತ್ತಾರೆ, ಇನ್ನೊಬ್ಬರು ರಾಘವ ಕಲಾಮಂದಿರಕ್ಕೆ ಹೋಗುತ್ತಾರೆ. ಕಟ್ಟಡಗಳಿಗೆ ಹೆಸರಾದ ಇಬ್ಬರೂ ರಂಗಭೂಮಿಯ ಹಿರಿಯರೇ, ಆದರೆ ಟಿಕೆಟ್ ಕೊಂಡವನಿಗೆ ಕಟ್ಟಡ ಒಂದೇ ಆಗಬೇಕಲ್ಲ. ಹೆಸರು ಉದ್ದವಾಯಿತೆಂದು ಮೊಟಕು ಮಾಡುವುದಿಲ್ಲ.

ಮುಗಿಯುವ ವೇಳೆಯನ್ನು ಬರೆಯಲು ಕಲಿಸಿದವರೂ ಸಿರುಗುಪ್ಪ, ಸಂಡೂರು, ಕಂಪ್ಲಿ ಕಡೆಯ ಪ್ರೇಕ್ಷಕರೇ. ಅವರ ಮೊದಲ ಪ್ರಶ್ನೆ ಟಿಕೆಟ್ ದರವಲ್ಲ, ರಾತ್ರಿ ಬಸ್ ಸಿಗುತ್ತದೆಯೇ ಎಂಬುದು.

ಟಿಕೆಟ್ ಸಾಲಿನಲ್ಲಿ ಹಣ ಕಳಿಸುವ ಕ್ರಮವನ್ನೂ ಮೊದಲು ಬರೆದಿದ್ದೆ. ಅದರಿಂದ ಗೊಂದಲವೇ ಹೆಚ್ಚಾಯಿತು. ಹಣ ಬರುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಇನ್ನೂರು ರೂಪಾಯಿ ಕಳಿಸಿದವರು ಯಾರೆಂದು ಬಾಗಿಲಲ್ಲಿ ಹುಡುಕುವ ಪಾಡು ನನಗೆ ಸಾಕಾಯಿತು. ಈಗ ಮೊದಲು ಹೆಸರು ಮತ್ತು ಎಷ್ಟು ಟಿಕೆಟ್ ಎಂದು ಸಂದೇಶ ಕಳಿಸಲಿ, ಆಮೇಲೆ ನಾನೇ ಹಣದ ವಿವರ ಕೊಡುತ್ತೇನೆ.

ನೆನಪಿನ ಸಾಲಿನ ಬಗ್ಗೆ ತಂಡದಲ್ಲಿ ಜಗಳವೇ ಆಯಿತು. ‘ಬಾಗಿಲು ತೆರೆಯುವುದಿಲ್ಲ ಎಂದರೆ ಜನ ಮುನಿಸಿಕೊಳ್ಳುತ್ತಾರೆ, ಸರಿಯಾಗಿ 6.30ಕ್ಕೆ ಎಂದು ಬರೆಯಿರಿ’ ಎಂದರು ನಿರ್ದೇಶಕರು. ‘ಸರಿಯಾಗಿ ಎಂದು ಮದುವೆಯ ಪತ್ರಿಕೆಯಲ್ಲೂ ಇರುತ್ತದೆ ಸರ್, ಯಾರು ನಂಬುತ್ತಾರೆ?’ ಎಂದೆ. ತಡವಾದರೆ ಏನಾಗುತ್ತದೆ ಎಂಬುದನ್ನು ಹೇಳಿದರಷ್ಟೇ ಆ ಸಾಲಿಗೆ ಕೆಲಸ. ಬರೆದ ಮೇಲೆ ಅದನ್ನು ಪಾಲಿಸಲೇಬೇಕು, ಇಲ್ಲವಾದರೆ ಮುಂದಿನ ಬಾರಿ ಯಾರೂ ನಂಬುವುದಿಲ್ಲ. ಇದೇ ಸಾಲನ್ನು ವಾರ, ತಾರೀಖಿನೊಂದಿಗೆ ಬುಧವಾರ ಒಮ್ಮೆ, ಶನಿವಾರ ಬೆಳಿಗ್ಗೆ ಇನ್ನೊಮ್ಮೆ ಕಳಿಸಿದೆ. ಎರಡು ಸಲವೂ ಪೋಸ್ಟರಿನ ಜೊತೆಗೇ.

ಆ ಶನಿವಾರ ಮಧ್ಯಾಹ್ನದಿಂದ ಏಳು ಕರೆಗಳು ಬಂದವು. ಯಾವತ್ತು, ಎಲ್ಲಿ, ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ಐದು ಜನ ಕೇಳಿದ್ದು, ಕಾರು ನಿಲ್ಲಿಸಲು ಒಳಗೆ ಜಾಗವಿದೆಯೇ ಎಂದು. ಮುಂದಿನ ಒಕ್ಕಣೆಯಲ್ಲಿ ಸ್ಥಳದ ಕೆಳಗೆ ಅದಕ್ಕೊಂದು ಸಾಲು ಸೇರಿಸಿದ್ದೇನೆ.