ಹಳೆಯ ಕ್ರಯಪತ್ರದ ೬೪/೯ ಅರ್ಜಿಯಲ್ಲಿ 94/6 ಆಗದಿರಲಿ

ಕನ್ನಡ ಅಂಕಿಗಳನ್ನು ಓದುವ ಕ್ರಮ ಇಂಗ್ಲಿಷ್ ಅಂಕಿಗಳದ್ದೇ. ಎಡದಿಂದ ಬಲಕ್ಕೆ ಅದೇ ನೂರು, ಹತ್ತು, ಬಿಡಿಯ ಸ್ಥಾನ. ಬದಲಾಗುವುದು ಗುರುತು ಮಾತ್ರ: ೦-0, ೧-1, ೨-2, ೩-3, ೪-4, ೫-5, ೬-6, ೭-7, ೮-8, ೯-9. ಇದನ್ನು ಚೀಟಿಯಲ್ಲಿ ಬರೆದು ಪತ್ರದ ಪಕ್ಕದಲ್ಲಿಟ್ಟುಕೊಳ್ಳಿ. ಮಕ್ಕಳ ಗೋಡೆಪಟಗಳನ್ನು ನೆಚ್ಚಬೇಡಿ; ಅವುಗಳ ಅಲಂಕಾರದ ಅಕ್ಷರಕ್ಕೂ ಪತ್ರಬರಹಗಾರರ ಕೈಬರಹಕ್ಕೂ ಸಂಬಂಧವಿಲ್ಲ.

ಮೊದಲ ಮೋಸ ೪ರದು. ಕೆಳಗೆ ಕುಣಿಕೆಯಿರುವುದರಿಂದ ಕಣ್ಣು ಅದನ್ನು 8 ಎಂದುಕೊಳ್ಳುತ್ತದೆ. ಮೇಲ್ಭಾಗ ನೋಡಿ: ಎರಡು ತೋಳು ಬಿಚ್ಚಿಕೊಂಡಿದ್ದರೆ ಅದು ನಾಲ್ಕು. ಕನ್ನಡದ ೮ ಇಂಗ್ಲಿಷಿನ 8ನ್ನು ಹೋಲುವುದೇ ಇಲ್ಲ.

ನಿಜವಾದ ತೊಡಕು ೬ ಮತ್ತು ೯. ಇವು ತಪ್ಪಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ 64/9ರಂತೆ 94/6 ಕೂಡ ಇರಬಹುದಾದ ಸರ್ವೆ ನಂಬರೇ. ಇಲ್ಲಿ ಊಹೆ ಬೇಡ, ಬರೆದವರ ಕೈಯಲ್ಲೇ ಸಾಕ್ಷಿ ಹುಡುಕಿ. ೯ರ ಆಕಾರ ಅರ್ಕಾವತ್ತಿನದೇ. ‘ಕರ್ನಾಟಕ’ವನ್ನು ‘ಕನಾ೯ಟಕ’ ಎಂದು ಟೈಪಿಸಿದರೂ ನಾವು ಎಡವದೆ ಓದುವುದು ಅದಕ್ಕೇ. ಸರ್ವೆ ನಂಬರಿನ ಹಿಂದೆಯೇ ‘ಸರ್ವೆ’ ಎಂಬ ಪದ ಇರುತ್ತದಲ್ಲ, ಅದರ ಅರ್ಕಾವತ್ತನ್ನು ನೋಡಿ. ಅದನ್ನು ಹೋಲುವ ಅಂಕಿ ಒಂಬತ್ತು, ಇನ್ನೊಂದು ಆರು. ಶಾಯಿ ಮಾಸಿದ್ದರೆ ಹಣದ ಸಾಲಿಗೆ ಹೋಗಿ. ಕ್ರಯಪತ್ರದಲ್ಲಿ ಮೊತ್ತವನ್ನು ಸಾಮಾನ್ಯವಾಗಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುತ್ತಾರೆ. ‘ರೂ. ೬೫೦, ಆರುನೂರ ಐವತ್ತು’ ಎಂದಿದ್ದರೆ ಆ ಕೈಯ ೬, ೫, ೦ ಮೂರೂ ಸಿಕ್ಕಿದಂತೆ. ಫೋನಿನ ಕ್ಯಾಮೆರಾದಿಂದ ಓದಿಸುವ ಆ್ಯಪ್ ಅಚ್ಚಾದ ಪುಟಕ್ಕೆ ಪರವಾಗಿಲ್ಲ, ಕೈಬರಹಕ್ಕೆ ಬೇಡವೇ ಬೇಡ.

ಮುಂದೆ ವಿಸ್ತೀರ್ಣ. ‘೧-೩೮’ ಎಂದರೆ 1 ಎಕರೆ 38 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಗುಂಟೆಯ ಭಾಗ 39 ದಾಟುವುದಿಲ್ಲ. ಅದನ್ನು 68 ಎಂದೋ 98 ಎಂದೋ ಓದಿದ್ದರೆ ಹತ್ತರ ಸ್ಥಾನದ ೩ನ್ನು ತಪ್ಪಾಗಿ ಓದಿದ್ದೀರಿ. ಅರ್ಜಿ ದಶಮಾಂಶದಲ್ಲಿ ಎಕರೆ ಕೇಳಿದರೆ 1.38 ಎಂದು ಬರೆಯಬೇಡಿ. 38ನ್ನು 40ರಿಂದ ಭಾಗಿಸಿದರೆ 0.95, ಹಾಗಾಗಿ ಅದು 1.95 ಎಕರೆ.

ಟೈಪಿಸುವಾಗ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ. ೦ ಮತ್ತು 0 ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎಲ್ಲ ಸರಿಯಿದ್ದೂ ‘ತಪ್ಪು ಸಂಖ್ಯೆ’ ಎಂದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಆ ಸೊನ್ನೆಯನ್ನು.

ಕೊನೆಗೆ ‘ಭೂಮಿ’ ಜಾಲತಾಣದ ಪಹಣಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ 64 ಕೊಟ್ಟು ಹಿಸ್ಸಾ 9 ತೆರೆಯಿರಿ. ಖಾತೆದಾರರ ಹೆಸರೂ 1 ಎಕರೆ 38 ಗುಂಟೆಯೂ ತಾಳೆಯಾದರೆ ಅರ್ಜಿ ತುಂಬಬಹುದು. ಆಗದಿದ್ದರೆ 94/6ನ್ನೂ ಒಮ್ಮೆ ತೆರೆದು ನೋಡಿ. ಅದೂ ಹೊಂದದಿದ್ದರೆ ಪೋಡಿಯಾಗಿ ಹಿಸ್ಸಾ ಸಂಖ್ಯೆಯೇ ಬದಲಾಗಿರಬಹುದು. ಅದನ್ನು ಗ್ರಾಮ ಆಡಳಿತಾಧಿಕಾರಿಯ ಬಳಿ ವಿಚಾರಿಸಬೇಕು.